ಅಗ್ಗದ ಮನೆಯೂ ದಂಡದ ಲೆಕ್ಕವೂ
(ಸುವರ್ಣ ಮಹೋತ್ಸವದ ವಿಚಾರಗೋಷ್ಠಿಯಲ್ಲಿ ಹಳೆಯ ವಿದ್ಯಾರ್ಥಿಯೊಬ್ಬರು ನೀಡಿದ ಉಪನ್ಯಾಸದ ಬರಹರೂಪ)



ಗಣಿತದ ವಿಷಯವನ್ನೇ ಮಾತಾಡಬೇಕು, ಆದರೆ ಕೂಡುವುದು ಕಳೆಯುವುದು ಬಲ್ಲವರಿಗೆಲ್ಲ ಅರ್ಥವಾಗಬೇಕು ಎಂದು ಸಮಿತಿಯವರು ಷರತ್ತು ಹಾಕಿದ್ದಾರೆ. ಕಾಲೇಜಿನಲ್ಲಿ ನಾನು ಕಲಿಸುವ ಪಾಠಗಳಲ್ಲಿ ಈ ಷರತ್ತಿಗೆ ಹೊಂದುವುದು ಒಂದಿದೆ. ಅದಕ್ಕೆ ಸಾಗಾಣಿಕೆ ಸಮಸ್ಯೆ ಎಂದು ಹೆಸರು. ಕೆಲವು ಗೋದಾಮುಗಳಲ್ಲಿ ದಾಸ್ತಾನು ಇದೆ, ಕೆಲವು ಊರುಗಳಲ್ಲಿ ಬೇಡಿಕೆ ಇದೆ. ಯಾವ ಗೋದಾಮಿನಿಂದ ಯಾವ ಊರಿಗೆ ಎಷ್ಟು ಕಳಿಸಿದರೆ ಒಟ್ಟು ಬಾಡಿಗೆ ಅತಿ ಕಡಿಮೆಯಾಗುತ್ತದೆ? ಅಮೆರಿಕದ ಹಿಚ್‌ಕಾಕ್ ಎಂಬುವರು 1941ರಲ್ಲಿ ಈ ಪ್ರಶ್ನೆಯನ್ನು ಈಗಿನ ರೂಪದಲ್ಲಿ ಬರೆದು ಪ್ರಕಟಿಸಿದರು. ಪ್ರಶ್ನೆಯನ್ನು ಕೇಳಿದ ಕೂಡಲೇ ಎಲ್ಲರಿಗೂ ಹೊಳೆಯುವ ಉತ್ತರ ಒಂದೇ: ಎಲ್ಲಿ ಬಾಡಿಗೆ ಅಗ್ಗವೋ ಅಲ್ಲಿಗೆ ಮೊದಲು ಕಳಿಸಿ. ಇದಕ್ಕೆ ಪುಸ್ತಕದಲ್ಲಿ ಕನಿಷ್ಠ ವೆಚ್ಚ ವಿಧಾನ ಎನ್ನುತ್ತಾರೆ. ಈ ಉತ್ತರದಲ್ಲಿ ಎಲ್ಲಿ ಕುತ್ತಿದೆ ಎಂಬುದೇ ಇವತ್ತಿನ ನನ್ನ ಮಾತು.

ಮೊದಲು ಒಂದು ಪುಟ್ಟ ಲೆಕ್ಕ. ಮೇಲಿನ ಗೋದಾಮು, ಕೆಳಗಿನ ಗೋದಾಮು ಎಂದು ಎರಡು ಗೋದಾಮುಗಳಿವೆ, ಒಂದೊಂದರಲ್ಲಿ 10 ಕ್ವಿಂಟಾಲ್ ಅಕ್ಕಿ. ಪೇಟೆಗೆ 10 ಕ್ವಿಂಟಾಲ್ ಬೇಕು, ಹಳ್ಳಿಗೆ 10 ಕ್ವಿಂಟಾಲ್ ಬೇಕು. ಮೇಲಿನ ಗೋದಾಮಿನಿಂದ ಪೇಟೆಗೆ ಕ್ವಿಂಟಾಲಿಗೆ 2 ರೂಪಾಯಿ, ಹಳ್ಳಿಗೆ 3 ರೂಪಾಯಿ. ಕೆಳಗಿನ ಗೋದಾಮಿನಿಂದ ಪೇಟೆಗೆ 4, ಹಳ್ಳಿಗೆ 10. ಅತಿ ಅಗ್ಗದ್ದು ಮೇಲಿನಿಂದ ಪೇಟೆಗೆ, 2 ರೂಪಾಯಿ. ಅದನ್ನೇ ಹಿಡಿದರೆ 10 ಕ್ವಿಂಟಾಲಿಗೆ 20 ರೂಪಾಯಿ ಆಯಿತು. ಆದರೆ ಮೇಲಿನ ಗೋದಾಮು ಖಾಲಿಯಾಗಿ, ಹಳ್ಳಿಗೆ ಕೆಳಗಿನ ಗೋದಾಮೇ ಗತಿಯಾಯಿತು. ಅಲ್ಲಿ 100 ರೂಪಾಯಿ ತೆತ್ತು, ಒಟ್ಟು 120. ಇದನ್ನೇ ತಿರುಗಿಸಿ, ಮೇಲಿನದನ್ನು ಹಳ್ಳಿಗೂ ಕೆಳಗಿನದನ್ನು ಪೇಟೆಗೂ ಕಳಿಸಿದ್ದರೆ 30 ಮತ್ತು 40, ಒಟ್ಟು 70.

2 ರೂಪಾಯಿಯ ಆಸೆ ನಮಗೆ 50 ರೂಪಾಯಿ ನಷ್ಟ ಮಾಡಿತು. ಏಕೆಂದರೆ ನಾವು ಅಗ್ಗ ಎಷ್ಟು ಎಂದು ನೋಡಿದೆವು, ಅದು ಕೈತಪ್ಪಿದರೆ ನಷ್ಟ ಎಷ್ಟು ಎಂದು ನೋಡಲಿಲ್ಲ. ಪೇಟೆಗೆ ಅಗ್ಗದ ದಾರಿ ತಪ್ಪಿದರೆ 2ರ ಬದಲು 4 ಕೊಡಬೇಕು, ನಷ್ಟ 2 ರೂಪಾಯಿ. ಹಳ್ಳಿಗೆ ಅಗ್ಗದ ದಾರಿ ತಪ್ಪಿದರೆ 3ರ ಬದಲು 10 ಕೊಡಬೇಕು, ನಷ್ಟ 7. ಯಾರ ನಷ್ಟ ದೊಡ್ಡದೋ ಅವರಿಗೆ ಮೊದಲು ಕೊಡಬೇಕಿತ್ತು. ಈ ನಷ್ಟಕ್ಕೆ ದಂಡ ಎಂದು ಹೆಸರು. ದಂಡವನ್ನು ನೋಡಿ ಹಂಚುವ ಕ್ರಮವನ್ನು ರೈನ್‌ಫೆಲ್ಡ್ ಮತ್ತು ವೋಗೆಲ್ ಎಂಬ ಇಬ್ಬರು 1958ರಲ್ಲಿ ತಮ್ಮ ಪುಸ್ತಕದಲ್ಲಿ ಕೊಟ್ಟರು. ಪಠ್ಯಗಳಲ್ಲಿ ಅದು ವೋಗೆಲ್ ಅಂದಾಜು ವಿಧಾನ ಎಂದು ಉಳಿದುಕೊಂಡಿದೆ. ರೈನ್‌ಫೆಲ್ಡ್ ಅವರ ಹೆಸರು ಏಕೋ ಜಾರಿಹೋಯಿತು.

ಈಗ ಸ್ವಲ್ಪ ದೊಡ್ಡ ಲೆಕ್ಕ. ಬಿಸಿಯೂಟದ ಅಕ್ಕಿ ಎಂದಿಟ್ಟುಕೊಳ್ಳಿ. ಒಂದು ತಾಲ್ಲೂಕಿನಲ್ಲಿ ಕೆರೆ ಗೋದಾಮು, ಸ್ಟೇಷನ್ ಗೋದಾಮು, ಸಂತೆ ಗೋದಾಮು ಎಂದು ಮೂರಿವೆ. ಅಕ್ಕಿ ಹೋಗಬೇಕಾದದ್ದು ಉತ್ತರ, ದಕ್ಷಿಣ, ಪೂರ್ವ, ಪಶ್ಚಿಮ ಎಂಬ ನಾಲ್ಕು ಹೋಬಳಿಗಳ ಶಾಲೆಗಳಿಗೆ. ತಾಲ್ಲೂಕೂ ಅಂಕಿಗಳೂ ಈ ಉಪನ್ಯಾಸಕ್ಕಾಗಿ ನಾನೇ ಹೂಡಿದವು. ಒಳಗಿನ ಅಂಕಿಗಳು ಕ್ವಿಂಟಾಲಿಗೆ ಇಷ್ಟು ರೂಪಾಯಿ ಬಾಡಿಗೆ, ಅಂಚಿನ ಅಂಕಿಗಳು ಕ್ವಿಂಟಾಲ್‌ಗಳು.

| | ಉತ್ತರ | ದಕ್ಷಿಣ | ಪೂರ್ವ | ಪಶ್ಚಿಮ | ದಾಸ್ತಾನು |
|---|---|---|---|---|---|
| ಕೆರೆ | 12 | 20 | 16 | 60 | 50 |
| ಸ್ಟೇಷನ್ | 10 | 14 | 24 | 40 | 40 |
| ಸಂತೆ | 22 | 18 | 34 | 26 | 60 |
| ಬೇಡಿಕೆ | 30 | 40 | 45 | 35 | 150 |

ಕೆರೆಯಿಂದ ಪಶ್ಚಿಮಕ್ಕೆ 60 ಏಕೆ ಎಂದು ಕೇಳಬಹುದು. ನಡುವೆ ಗುಡ್ಡವಿದೆ, ಲಾರಿ ಸುತ್ತಿಕೊಂಡು ಹೋಗಬೇಕು ಎಂದುಕೊಳ್ಳಿ. ಪಟ್ಟಿಯ ಒಂದೊಂದು ಚೌಕವನ್ನು ನಾನು ಮನೆ ಎನ್ನುತ್ತೇನೆ. ಚೌಕಾಬಾರ ಆಡಿದವರಿಗೆ ಆ ಮಾತು ಹೊಸದಲ್ಲ.

ಮೊದಲು ಕನಿಷ್ಠ ವೆಚ್ಚ ವಿಧಾನದಲ್ಲಿ ಹಂಚೋಣ. ಅತಿ ಅಗ್ಗದ ಮನೆ ಸ್ಟೇಷನ್‌ನಿಂದ ಉತ್ತರಕ್ಕೆ, 10 ರೂಪಾಯಿ. ಉತ್ತರಕ್ಕೆ ಬೇಕಾದ 30 ಕ್ವಿಂಟಾಲನ್ನೂ ಅಲ್ಲಿಂದಲೇ ಕೊಟ್ಟೆವು. ಉತ್ತರದ ಬೇಡಿಕೆ ಮುಗಿಯಿತು, ಸ್ಟೇಷನ್‌ನಲ್ಲಿ 10 ಉಳಿಯಿತು. ಉಳಿದ ಮನೆಗಳಲ್ಲಿ ಅಗ್ಗದ್ದು ಸ್ಟೇಷನ್‌ನಿಂದ ದಕ್ಷಿಣಕ್ಕೆ, 14. ಆ 10 ಕ್ವಿಂಟಾಲನ್ನು ಅಲ್ಲಿಗೆ ಕಳಿಸಿದೆವು, ಸ್ಟೇಷನ್ ಖಾಲಿ. ಮುಂದೆ ಕೆರೆಯಿಂದ ಪೂರ್ವಕ್ಕೆ 16ರಂತೆ 45, ಆಮೇಲೆ ಸಂತೆಯಿಂದ ದಕ್ಷಿಣಕ್ಕೆ 18ರಂತೆ 30. ಇಲ್ಲಿಯವರೆಗೆ ಎಲ್ಲವೂ ಸೊಗಸಾಗಿದೆ. ಹೆಚ್ಚು ಬೆಲೆಯ ಮನೆಯನ್ನು ನಾವು ಮುಟ್ಟಿಯೇ ಇಲ್ಲ.

ಆದರೆ ಉಳಿದಿರುವುದು ಪಶ್ಚಿಮ ಒಂದೇ. ಅದಕ್ಕೆ 35 ಬೇಕು, ಸಂತೆಯಲ್ಲಿ 30, ಕೆರೆಯಲ್ಲಿ 5. ಸಂತೆಯದು 26ರಂತೆ ಹೋಯಿತು. ಕೆರೆಯ ಆ 5 ಕ್ವಿಂಟಾಲ್ ಮಾತ್ರ ಗುಡ್ಡ ಸುತ್ತಿಕೊಂಡು 60ರಂತೆ ಹೋಗಬೇಕು. ಒಟ್ಟು ಕೂಡಿ ನೋಡಿ: 300, 140, 720, 540, 780, 300, ಒಟ್ಟು 2780 ರೂಪಾಯಿ. ಕೊನೆಯ 5 ಕ್ವಿಂಟಾಲಿಗೆ ಬಿದ್ದ ವೆಚ್ಚ ಮೊದಲ 30 ಕ್ವಿಂಟಾಲಿನ ವೆಚ್ಚಕ್ಕೆ ಸಮ. ಕನಿಷ್ಠ ವೆಚ್ಚ ವಿಧಾನದ ಸ್ವಭಾವವೇ ಇದು. ಮೊದಲಿನ ಹೆಜ್ಜೆಗಳಲ್ಲಿ ಉಳಿತಾಯ ಕಾಣುತ್ತದೆ, ಅದರ ಬೆಲೆಯನ್ನು ಕೊನೆಯ ಹೆಜ್ಜೆಯಲ್ಲಿ ಕಟ್ಟುತ್ತೇವೆ. ಆ ಹೊತ್ತಿಗೆ ಆಯ್ಕೆ ಉಳಿದಿರುವುದಿಲ್ಲ.

ಈಗ ದಂಡದ ಲೆಕ್ಕ. ಪ್ರತಿ ಅಡ್ಡಸಾಲಿನಲ್ಲೂ ಪ್ರತಿ ಕಂಬಸಾಲಿನಲ್ಲೂ ಅತಿ ಅಗ್ಗದ ಅಂಕಿಯನ್ನು ಅದರ ನಂತರದ ಅಗ್ಗದ ಅಂಕಿಯಿಂದ ಕಳೆಯಬೇಕು. ಕೆರೆಯ ಸಾಲಿನಲ್ಲಿ 12 ಮತ್ತು 16, ದಂಡ 4. ಸ್ಟೇಷನ್ನಿನಲ್ಲಿ 10 ಮತ್ತು 14, ಅದೂ 4. ಸಂತೆಯಲ್ಲಿ 18 ಮತ್ತು 22, ಅದೂ 4. ಕಂಬಸಾಲುಗಳಲ್ಲಿ ಉತ್ತರಕ್ಕೆ 2, ದಕ್ಷಿಣಕ್ಕೆ 4, ಪೂರ್ವಕ್ಕೆ 8. ಪಶ್ಚಿಮಕ್ಕೆ ಅಗ್ಗದ್ದು 26, ನಂತರದ್ದು 40, ದಂಡ 14. ಎಲ್ಲಕ್ಕಿಂತ ದೊಡ್ಡದು ಪಶ್ಚಿಮದ್ದು. ಹಿಂದಿನ ವಿಧಾನ ಯಾವ ಹೋಬಳಿಯನ್ನು ಕೊನೆಗೆ ತಳ್ಳಿತ್ತೋ ಅದನ್ನೇ ಈ ವಿಧಾನ ಮೊದಲು ಕೈಗೆತ್ತಿಕೊಳ್ಳುತ್ತದೆ. ಈ ಪಾಠದಲ್ಲಿ ನನಗೆ ಅತ್ಯಂತ ಇಷ್ಟವಾದ ಹೆಜ್ಜೆ ಇದು. ಪಶ್ಚಿಮದ ಅಗ್ಗದ ಅಂಕಿ 26 ಅಷ್ಟೇನೂ ಅಗ್ಗವಲ್ಲ, ಪಟ್ಟಿಯಲ್ಲಿ ಅದಕ್ಕಿಂತ ಕಡಿಮೆಯವು ಎಂಟು ಇವೆ. ಆದರೆ ಅದು ತಪ್ಪಿದರೆ ಅವರಿಗೆ ಬೇರೆ ಆಸರೆ ಇಲ್ಲ.

ಸಂತೆಯಿಂದ ಪಶ್ಚಿಮಕ್ಕೆ 35 ಕಳಿಸಿದೆವು. ಪಶ್ಚಿಮದ ಕಂಬಸಾಲನ್ನು ಹೊಡೆದುಹಾಕಿ ದಂಡಗಳನ್ನು ಮತ್ತೆ ಎಣಿಸಬೇಕು. ಈ ಮತ್ತೆ ಎಣಿಸುವುದನ್ನು ಪರೀಕ್ಷೆಯಲ್ಲಿ ಬಹಳ ಮಕ್ಕಳು ಬಿಟ್ಟುಬಿಡುತ್ತಾರೆ, ಮೊದಲ ಸಲದ ದಂಡಗಳನ್ನೇ ಕೊನೆಯವರೆಗೆ ಎಳೆಯುತ್ತಾರೆ. ಒಂದು ಸಾಲು ಹೋದಾಗ ಉಳಿದವರ ಎರಡನೆಯ ಆಯ್ಕೆ ಬದಲಾಗಬಹುದು, ದಂಡವೂ ಬದಲಾಗಬಹುದು.

ಈಗ ಪೂರ್ವದ 8 ದೊಡ್ಡದು. ಕೆರೆಯಿಂದ ಪೂರ್ವಕ್ಕೆ 45. ಪೂರ್ವ ಹೋಯಿತು, ಕೆರೆಯಲ್ಲಿ 5 ಉಳಿಯಿತು. ಮತ್ತೆ ಎಣಿಸಿ: ಕೆರೆಯ ಸಾಲಿನಲ್ಲಿ ಉಳಿದದ್ದು 12 ಮತ್ತು 20, ದಂಡ 4 ಇದ್ದದ್ದು 8 ಆಗಿದೆ. ನೋಡಿದಿರಾ, ಹಳೆಯ ದಂಡವನ್ನೇ ಇಟ್ಟುಕೊಂಡಿದ್ದರೆ ಇದು ಕಾಣುತ್ತಿರಲಿಲ್ಲ. ಕೆರೆಯ 5 ಕ್ವಿಂಟಾಲನ್ನು 12ರಂತೆ ಉತ್ತರಕ್ಕೆ ಕಳಿಸಿದೆವು. ಮುಂದೆ ಉತ್ತರದ ದಂಡ 22ರಲ್ಲಿ 10 ಹೋಗಿ 12 ಆಗುತ್ತದೆ, ಅಲ್ಲಿಗೆ ಸ್ಟೇಷನ್‌ನಿಂದ 25. ಉಳಿದದ್ದು ದಕ್ಷಿಣ: ಸ್ಟೇಷನ್‌ನಿಂದ 15, ಸಂತೆಯಿಂದ 25. ಒಟ್ಟು 910, 720, 60, 250, 210, 450. ಅಂದರೆ 2600 ರೂಪಾಯಿ. ಮೊದಲಿನದಕ್ಕಿಂತ 180 ಕಡಿಮೆ.

ಈ 180 ಎಲ್ಲಿಂದ ಬಂತು ಎಂಬುದನ್ನೂ ತೋರಿಸಬಹುದು. ಮೊದಲ ಹಂಚಿಕೆಗೆ ಹಿಂದಿರುಗಿ. ಅಲ್ಲಿ ಕೆರೆಯಿಂದ ಉತ್ತರದ ಮನೆ ಖಾಲಿ ಇತ್ತು. ಅಲ್ಲಿ ಒಂದು ಕ್ವಿಂಟಾಲ್ ಇಟ್ಟರೆ ಏನಾಗುತ್ತದೆ? 12 ರೂಪಾಯಿ ಏರಿತು. ಕೆರೆಯ ಲೆಕ್ಕ ಸರಿಯಾಗಲು ಪಶ್ಚಿಮಕ್ಕೆ ಹೋಗುವ ಒಂದು ಕ್ವಿಂಟಾಲ್ ನಿಲ್ಲಬೇಕು, 60 ಇಳಿಯಿತು. ಪಶ್ಚಿಮಕ್ಕೆ ಸಂತೆಯಿಂದ ಒಂದು ಹೆಚ್ಚು, 26 ಏರಿತು. ಸಂತೆಯಿಂದ ದಕ್ಷಿಣಕ್ಕೆ ಒಂದು ಕಡಿಮೆ, 18 ಇಳಿಯಿತು. ದಕ್ಷಿಣಕ್ಕೆ ಸ್ಟೇಷನ್‌ನಿಂದ ಒಂದು ಹೆಚ್ಚು, 14 ಏರಿತು. ಸ್ಟೇಷನ್‌ನಿಂದ ಉತ್ತರಕ್ಕೆ ಒಂದು ಕಡಿಮೆ, 10 ಇಳಿಯಿತು. ಇಲ್ಲಿಗೆ ಸುತ್ತು ಮುಚ್ಚಿತು, ಯಾವ ಗೋದಾಮಿಗೂ ಯಾವ ಹೋಬಳಿಗೂ ಹೆಚ್ಚುಕಡಿಮೆ ಆಗಲಿಲ್ಲ. ಏರಿದ್ದು 52, ಇಳಿದದ್ದು 88. ಕ್ವಿಂಟಾಲಿಗೆ 36 ರೂಪಾಯಿ ಉಳಿತಾಯ, ಗುಡ್ಡ ಸುತ್ತುತ್ತಿದ್ದ 5 ಕ್ವಿಂಟಾಲಿಗೂ ಸೇರಿ 180. ಹೀಗೆ ಒಂದು ಸುತ್ತು ಸರಿಸಿದರೆ ಮೊದಲ ಹಂಚಿಕೆ ಎರಡನೆಯದೇ ಆಗಿಬಿಡುತ್ತದೆ.

ಅದೇ ಸುತ್ತಿನ ಪರೀಕ್ಷೆಯನ್ನು ದಂಡದ ಹಂಚಿಕೆಯ ಮೇಲೂ ಮಾಡಬೇಕು. ಅದರಲ್ಲಿ ಆರು ಮನೆ ತುಂಬಿವೆ, ಆರು ಖಾಲಿ. ಆರೂ ಖಾಲಿ ಮನೆಗಳಲ್ಲಿ ಒಂದೊಂದು ಕ್ವಿಂಟಾಲ್ ಇಟ್ಟು ಸುತ್ತು ಹಾಕಿ ನೋಡಿದರೆ ಎಲ್ಲದರಲ್ಲೂ ವೆಚ್ಚ ಏರುತ್ತದೆ. ಅತಿ ಕಡಿಮೆ ಏರುವುದು ಕೆರೆಯಿಂದ ದಕ್ಷಿಣಕ್ಕೆ, 4 ರೂಪಾಯಿ. ಯಾವ ಖಾಲಿ ಮನೆಯಿಂದಲೂ ಉಳಿತಾಯವಿಲ್ಲ ಎಂದಾದರೆ 2600ಕ್ಕಿಂತ ಕಡಿಮೆ ಸಾಧ್ಯವೇ ಇಲ್ಲ. ಇದು ಊಹೆಯಲ್ಲ, ಸಾಧಿಸಿದ ಮಾತು.

ಇನ್ನೊಂದು ಸಂಗತಿ. ದಾಸ್ತಾನು ಬೇಡಿಕೆಗಿಂತ ಹೆಚ್ಚಿದ್ದರೆ ಎಂದು ಈಗ ತಾನೇ ಹಿಂದಿನ ಸಾಲಿನಿಂದ ಒಬ್ಬರು ಕೇಳಿದರು. ಒಳ್ಳೆಯ ಪ್ರಶ್ನೆ. ಸಂತೆ ಗೋದಾಮಿನಲ್ಲಿ 60ರ ಬದಲು 70 ಇದೆ ಎನ್ನಿ. 10 ಕ್ವಿಂಟಾಲ್ ಎಲ್ಲೋ ಉಳಿಯಬೇಕು. ಆಗ ಪಟ್ಟಿಗೆ ಒಂದು ಹುಸಿ ಕಂಬಸಾಲು ಸೇರಿಸಿ, ಅದರ ಮನೆಗಳಿಗೆಲ್ಲ ಸೊನ್ನೆ ಬರೆಯುತ್ತೇವೆ. ಆ ಸಾಲಿಗೆ ಹೋದದ್ದು ಗೋದಾಮಿನಲ್ಲೇ ಉಳಿದ ಅಕ್ಕಿ. ಕನಿಷ್ಠ ವೆಚ್ಚ ವಿಧಾನಕ್ಕೆ ಈ ಸೊನ್ನೆಗಳೇ ಅತಿ ಅಗ್ಗ, ಆದ್ದರಿಂದ ಅದು ಮೊದಲು ಅಕ್ಕಿಯನ್ನು ಎಲ್ಲಿಗೂ ಕಳಿಸದೆ ಇಡುತ್ತದೆ. ಯಾವ ಗೋದಾಮಿನಲ್ಲಿ? ಮೂರೂ ಸೊನ್ನೆಯೇ, ಆರಿಸಲು ಆಧಾರವಿಲ್ಲ. ಕೆರೆಯಲ್ಲಿ ಉಳಿಸಿದರೆ ಒಟ್ಟು 2700, ಸಂತೆಯಲ್ಲಿ ಉಳಿಸಿದರೆ 2780, ಸ್ಟೇಷನ್‌ನಲ್ಲಿ ಉಳಿಸಿದರೆ 2820. ಒಂದೇ ಪಟ್ಟಿ, ಒಂದೇ ವಿಧಾನ, ಮೂರು ಉತ್ತರ. ದಂಡದ ವಿಧಾನದಲ್ಲಿ ಹಾಗಲ್ಲ. ಸೊನ್ನೆ ಬಂದದ್ದರಿಂದ ಒಂದೊಂದು ಗೋದಾಮಿನ ದಂಡ ಅದರ ಅಗ್ಗದ ಬಾಡಿಗೆಯೇ ಆಗುತ್ತದೆ: ಕೆರೆಗೆ 12, ಸ್ಟೇಷನ್‌ಗೆ 10, ಸಂತೆಗೆ 18. ಸಂತೆಯದು ದೊಡ್ಡದು, ಆದ್ದರಿಂದ 10 ಕ್ವಿಂಟಾಲ್ ಸಂತೆಯಲ್ಲೇ ಉಳಿಯುತ್ತದೆ. ಮುಂದೆ ಹಿಂದಿನ ಹೆಜ್ಜೆಗಳೇ ನಡೆದು ಮತ್ತೆ 2600 ಬರುತ್ತದೆ. ಸುತ್ತು ಹಾಕಿ ನೋಡಿದರೆ ಅದೇ ಕನಿಷ್ಠ.

ಇಷ್ಟು ಕೇಳಿದ ಮೇಲೆ ದಂಡದ ವಿಧಾನ ಯಾವಾಗಲೂ ಗೆಲ್ಲುತ್ತದೆ ಎಂದು ನೀವು ಅಂದುಕೊಂಡರೆ ನಾನು ನಿಮ್ಮನ್ನು ಅರ್ಧ ದಾರಿಯಲ್ಲಿ ಬಿಟ್ಟಂತೆ. ಬಹಳ ಪಟ್ಟಿಗಳಲ್ಲಿ ಅದು ಕನಿಷ್ಠಕ್ಕೆ ಹತ್ತಿರ ತಂದು ನಿಲ್ಲಿಸುತ್ತದೆ, ನಿಜ. ಆದರೆ ಅದಕ್ಕೆ ಖಾತರಿ ಇಲ್ಲ. ಸೋಲುವ ಪಟ್ಟಿಯೊಂದನ್ನು ಮಾಡಿಕೊಂಡು ಬಂದಿದ್ದೇನೆ, ಪುಟ್ಟದು.

| | ಮೊದಲ ಊರು | ಎರಡನೆಯ ಊರು | ಮೂರನೆಯ ಊರು | ದಾಸ್ತಾನು |
|---|---|---|---|---|
| ಸಣ್ಣ ಗೋದಾಮು | 2 | 9 | 9 | 10 |
| ದೊಡ್ಡ ಗೋದಾಮು | 1 | 14 | 4 | 20 |
| ಬೇಡಿಕೆ | 10 | 10 | 10 | 30 |

ದಂಡಗಳನ್ನು ಎಣಿಸಿ. ಸಣ್ಣ ಗೋದಾಮಿಗೆ 9ರಲ್ಲಿ 2 ಹೋಗಿ 7. ದೊಡ್ಡದಕ್ಕೆ 4ರಲ್ಲಿ 1 ಹೋಗಿ 3. ಊರುಗಳಿಗೆ ಕ್ರಮವಾಗಿ 1, 5, 5. ದೊಡ್ಡ ದಂಡ 7, ಆದ್ದರಿಂದ ಸಣ್ಣ ಗೋದಾಮಿನ 10 ಕ್ವಿಂಟಾಲೂ ಮೊದಲ ಊರಿಗೆ ಹೋಯಿತು. ಉಳಿದ ಎರಡು ಊರಿಗೂ ದೊಡ್ಡ ಗೋದಾಮೇ ಗತಿ: 14ರಂತೆ 140, 4ರಂತೆ 40. ಒಟ್ಟು 200. ಈಗ ನಾವು ಆಗಲೇ ಬೈದ ಕನಿಷ್ಠ ವೆಚ್ಚ ವಿಧಾನ. ಅಗ್ಗದ್ದು 1, ದೊಡ್ಡ ಗೋದಾಮಿನಿಂದ ಮೊದಲ ಊರಿಗೆ 10. ನಂತರದ್ದು 4, ಅದೇ ಗೋದಾಮಿನಿಂದ ಮೂರನೆಯ ಊರಿಗೆ 10. ಉಳಿದದ್ದು ಸಣ್ಣ ಗೋದಾಮಿನಿಂದ ಎರಡನೆಯ ಊರಿಗೆ 9ರಂತೆ. ಒಟ್ಟು 10, 40, 90, ಅಂದರೆ 140. ಅದೇ ಕನಿಷ್ಠವೂ ಹೌದು.

ದಂಡ ಇಲ್ಲಿ ಏಕೆ ದಾರಿ ತಪ್ಪಿತು? ಅದು ಒಂದು ಸಾಲಿನಲ್ಲಿ ಎರಡೇ ಮನೆಗಳನ್ನು ನೋಡುತ್ತದೆ. ಮೊದಲ ಊರು ಕೈತಪ್ಪಿದರೆ ಸಣ್ಣ ಗೋದಾಮಿಗೆ 7 ರೂಪಾಯಿ ನಷ್ಟ ಎಂದು ಅದು ಕೂಗಿತು. ಆದರೆ ಸಣ್ಣ ಗೋದಾಮು ಆ ಊರನ್ನು ಬಿಟ್ಟುಕೊಟ್ಟರೆ ಅದು ದೊಡ್ಡ ಗೋದಾಮಿಗೆ ಹೋಗುತ್ತದೆ, ಅಲ್ಲಿ ಬಾಡಿಗೆ 1 ರೂಪಾಯಿ ಮಾತ್ರ. ಬದಲಿಗೆ ದೊಡ್ಡ ಗೋದಾಮು 14 ರೂಪಾಯಿಯ ಎರಡನೆಯ ಊರಿನಿಂದ ಪಾರಾಗುತ್ತದೆ. ಒಬ್ಬರ ನಷ್ಟವನ್ನು ಎಣಿಸುವಾಗ ಇನ್ನೊಬ್ಬರ ಲಾಭವನ್ನು ದಂಡ ಎಣಿಸುವುದಿಲ್ಲ. ಅಷ್ಟನ್ನೂ ಎಣಿಸುವುದು ಸುತ್ತಿನ ಪರೀಕ್ಷೆ ಮಾತ್ರ.

ಆದ್ದರಿಂದ ಎರಡು ವಿಧಾನಗಳ ಒಟ್ಟು ವೆಚ್ಚವನ್ನು ಹೋಲಿಸಿ ಒಂದಕ್ಕೆ ಹಾರ ಹಾಕುವುದು ನನ್ನ ದೃಷ್ಟಿಯಲ್ಲಿ ಅರ್ಧ ಕೆಲಸ. ಎರಡೂ ಕೊಡುವುದು ಆರಂಭದ ಹಂಚಿಕೆಯನ್ನು ಮಾತ್ರ. ಕಡಿಮೆ ಬಂದದ್ದು ಕನಿಷ್ಠವೇ ಎಂದು ಹೋಲಿಕೆ ಹೇಳುವುದಿಲ್ಲ. ಒಳ್ಳೆಯ ಆರಂಭದಿಂದ ಹೊರಟರೆ ಸುತ್ತುಗಳು ಸಾಮಾನ್ಯವಾಗಿ ಕಡಿಮೆ ಸಾಕು, ಕೈಲೆಕ್ಕದಲ್ಲಿ ಅದು ದೊಡ್ಡ ಅನುಕೂಲ. ಕಂಪ್ಯೂಟರಿನಲ್ಲಿ ಮಾಡುವವರಿಗೆ ಮೂರು ಸಾಲಿನ ಪಟ್ಟಿಯಲ್ಲಿ ಆ ಅನುಕೂಲ ಲೆಕ್ಕಕ್ಕೆ ಬಾರದು. ಆದರೆ ಬಾಡಿಗೆಯ ಅಂಕಿಗಳನ್ನು ಅದಕ್ಕೆ ತುಂಬುವವರು ನಾವೇ. ಗುಡ್ಡ ಸುತ್ತುವ ದಾರಿಯ 60ನ್ನು ಯಾರಾದರೂ ಅಂದಾಜಿನ ಮೇಲೆ 30 ಎಂದು ಬರೆದಿದ್ದರೆ ಕನಿಷ್ಠ ವೆಚ್ಚ ವಿಧಾನ ಅದೇ ಹಂಚಿಕೆ ಮಾಡಿ 2630 ಎಂದು ತೋರಿಸುತ್ತಿತ್ತು. 2600ಕ್ಕೂ ಅದಕ್ಕೂ 30 ರೂಪಾಯಿ ವ್ಯತ್ಯಾಸ, ಇಷ್ಟಕ್ಕೆ ಏಕೆ ತಲೆಕೆಡಿಸಿಕೊಳ್ಳುವುದು ಎಂದು ಕಡತ ಮುಚ್ಚುತ್ತಿದ್ದರು. ಲಾರಿಯವರು ಬಿಲ್ಲು ಕೊಡುವುದು ಮಾತ್ರ 60ರ ಲೆಕ್ಕದಲ್ಲೇ.

ಮಕ್ಕಳಿಗೆ ಕೊನೆಯ ಒಂದು ಎಚ್ಚರಿಕೆ. ಸುತ್ತಿನ ಪರೀಕ್ಷೆಗೆ ಮೊದಲು ತುಂಬಿದ ಮನೆಗಳನ್ನು ಎಣಿಸಿ. ಅಡ್ಡಸಾಲುಗಳೂ ಕಂಬಸಾಲುಗಳೂ ಕೂಡಿ, ಅದರಲ್ಲಿ ಒಂದು ಕಳೆದಷ್ಟು ಮನೆಗಳು ತುಂಬಿರಬೇಕು. ದೊಡ್ಡ ಪಟ್ಟಿಯಲ್ಲಿ 3 ಮತ್ತು 4 ಕೂಡಿ ಒಂದು ಕಳೆದರೆ 6, ಸರಿಯಾಗಿತ್ತು. ಪುಟ್ಟ ಪಟ್ಟಿಯಲ್ಲಿ 2 ಮತ್ತು 3 ಕೂಡಿ ಒಂದು ಕಳೆದರೆ 4 ಬೇಕು, ಆದರೆ ತುಂಬಿದ್ದು ಮೂರೇ. ಸಣ್ಣ ಗೋದಾಮು ಖಾಲಿಯಾದಾಗಲೇ ಮೊದಲ ಊರಿನ ಬೇಡಿಕೆಯೂ ತೀರಿಬಿಟ್ಟದ್ದು ಇದಕ್ಕೆ ಕಾರಣ. ಹಾಗೆಯೇ ಸುತ್ತು ಹಾಕಲು ಹೋದರೆ ಸುತ್ತು ಮುಚ್ಚುವುದೇ ಇಲ್ಲ. ಆಗ ದೊಡ್ಡ ಗೋದಾಮಿನಿಂದ ಮೊದಲ ಊರಿನ ಖಾಲಿ ಮನೆಯಲ್ಲಿ ಒಂದು ಸೊನ್ನೆ ಬರೆದು ಅದನ್ನು ತುಂಬಿದ ಮನೆ ಎಂದೇ ಎಣಿಸಿಕೊಳ್ಳಿ. ಆಮೇಲೆ ಸಣ್ಣ ಗೋದಾಮಿನಿಂದ ಎರಡನೆಯ ಊರಿನ ಮನೆಯಲ್ಲಿ ಒಂದು ಕ್ವಿಂಟಾಲ್ ಇಡಿ: 9 ಏರಿತು, 2 ಇಳಿಯಿತು, 1 ಏರಿತು, 14 ಇಳಿಯಿತು. ಕ್ವಿಂಟಾಲಿಗೆ 6 ರೂಪಾಯಿ ಉಳಿತಾಯ, ಹತ್ತು ಕ್ವಿಂಟಾಲಿಗೆ 60, ಮತ್ತು 200 ಇದ್ದದ್ದು 140 ಆಯಿತು.

ಎರಡೂ ಪಟ್ಟಿಗಳನ್ನು ಕಪ್ಪುಹಲಗೆಯ ಮೇಲೆ ಬಿಟ್ಟಿದ್ದೇನೆ, ಬೇಕಾದವರು ಬರೆದುಕೊಳ್ಳಬಹುದು.